ಪಾವಣೆ ಮೂರು ಆಣೆಯ ಬೆಲ್ಲ

ನಾನು ಅಕ್ಕಿಆಲೂರಿಗೆ ಸೊಸೆಯಾಗಿ ಬಂದಾಗ ನಮ್ಮತ್ತೆ ಮನೆಯ ಮುಂದಿನ ಕೋಣೆಯಲ್ಲೇ ಒಂದು ಚಿಕ್ಕ ಅಂಗಡಿ ನಡೆಸುತ್ತಿದ್ದರು. ಬೆಲ್ಲ, ಪುಟಾಣಿ, ಚಹಾಪುಡಿ, ಮಾವನವರ ನಶ್ಯ. ತಕ್ಕಡಿಯ ಒಂದು ತಟ್ಟೆಗೆ ಮಾತ್ರ ದಿನಾ ಕುಂಕುಮ ಹಚ್ಚುತ್ತಿದ್ದರು. ಇನ್ನೊಂದಕ್ಕೆ ಯಾಕಿಲ್ಲ ಎಂದರೆ, "ಅದು ತೂಕದ ಕಲ್ಲು ಹೊರೋ ಕೂಲಿ ತಟ್ಟಿ" ಎನ್ನುತ್ತಿದ್ದರು.

ಯುದ್ಧದ ಕಾಲ. ಪೇಟೆಯಲ್ಲಿ ಹುಬ್ಬಳ್ಳಿಯಿಂದ ಬಂದವನೊಬ್ಬ ಹೊಸ ಅಂಗಡಿ ಇಟ್ಟು, ಬಾಗಿಲಿಗೆ ಹಲಗೆ ತೂಗುಹಾಕಿದ: ಬೆಲ್ಲ, ಸೇರಿಗೆ ಎರಡಾಣೆ ಒಂಬತ್ತು ಪೈ. ನಮ್ಮಲ್ಲಿ ಸೇರಿಗೆ ಮೂರಾಣೆ. ಹನ್ನೆರಡು ಪೈಗೆ ಒಂದಾಣೆ, ಮೂರು ಪೈಗೆ ಒಂದು ಪೈಸೆ. ಅಂದರೆ ಅವನದು ಒಂದೇ ಒಂದು ಪೈಸೆ ಕಡಿಮೆ. ಆ ಒಂದು ಪೈಸೆಯ ಹಿಂದೆ ಓಣಿಯ ಹೆಂಗಸರೆಲ್ಲ ಹೊರಟುಹೋದರು.

ಮಾವನವರಿಗೆ ಮೊದಲೇ ಆ ಕೋಣೆಯ ಮೇಲೆ ಕಣ್ಣಿತ್ತು. "ಬರೋ ಹುಣ್ಣಿವಿ ಮಟ ನೋಡತೇನಿ. ಗಿರಾಕಿ ಬರಲಿಲ್ಲಂದ್ರ ಅಂಗಡಿ ಮುಚ್ಚಿ ಅಕ್ಕಿ ಚೀಲ ಒಟ್ಟತೇನಿ" ಎಂದರು. ಅತ್ತೆ ಅಂದು ಊಟಕ್ಕೆ ಕೂತವರು ರೊಟ್ಟಿಯನ್ನು ಬರೀ ಮುರಿಯುತ್ತಲೇ ಇದ್ದರು.

ನಾನು ಕಾನ್ವೆಂಟಿನಲ್ಲಿ ಓದಿದವಳು. ನನಗೆ ಗೊತ್ತಿಲ್ಲದ್ದು ಕಡಿಮೆ ಎಂದು ಆಗ ನಂಬಿದ್ದೆ. "ಅತ್ತಿ, ಅದೊಂದು ಯುಕ್ತಿ ಐತ್ರಿ. ಗಿರಾಕಿ ಮನಸ್ಸು ಮೊದಲನೇ ಅಂಕಿ ಹಿಡಕೊಂತದ. ಎರಡು ಅಂತ ಕೇಳಿದ್ರ ಎರಡರಾಗ ಸಿಕ್ತು ಅಂತ ತಿಳಕೊಂತಾರ" ಎಂದೆ. ನನ್ನ ದುಂಡು ಅಕ್ಷರದಲ್ಲಿ ನಾನೂ ಅದೇ ಬೆಲೆಯ ಒಂದು ಹಲಗೆ ಬರೆದೆ. ಒಂಬತ್ತರ ಬಾಲಕ್ಕೆ ಒಂದು ಹೂವೂ ಬಿಡಿಸಿದೆ.

ಯಾರೂ ಓದಲಿಲ್ಲ. ನಮ್ಮ ಓಣಿಯಲ್ಲಿ ಬೆಲೆ ಓದುವ ರೂಢಿಯಿರಲಿಲ್ಲ, ಕೇಳುವ ರೂಢಿ. ಎದುರುಮನೆಯ ಅಜ್ಜಿ ಕಟ್ಟೆಯ ಮೇಲಿಂದಲೇ ಕೂಗಿದಳು, "ಬೆಲ್ಲ ಹೆಂಗವ್ವಾ?"

ಅತ್ತೆ ಎದೆಯುಬ್ಬಿಸಿ ಕೂಗಿದರು, "ಪಾವಣೆ ಮೂರು ಆಣೆ!"

ನಾನು ತಲೆ ಹಿಡಿದುಕೊಂಡೆ. ಕಾಲು ಕಡಿಮೆ ಮೂರಕ್ಕೆ ನಮ್ಮ ಕಡೆ ಪಾವಣೆ ಮೂರು ಎನ್ನುತ್ತಾರೆ. ಲೆಕ್ಕ ಸರಿಯೇ. ಆದರೆ ನಾನು ಇಷ್ಟು ಕಷ್ಟಪಟ್ಟು ಅಡಗಿಸಿದ ಮೂರು, ಅತ್ತೆಯ ಬಾಯಲ್ಲಿ ಜರತಾರಿ ಸೀರೆಯುಟ್ಟು ಹೊರಗೆ ಬಂದಿತ್ತು.

"ಮೂರಂತ! ಮೊದಲೂ ಮೂರ ಇತ್ತಲ್ಲ" ಎಂದು ಅಜ್ಜಿ ಒಳಗೆ ಹೋದಳು.

ಮಧ್ಯಾಹ್ನವೆಲ್ಲ ಪಾಠ ಮಾಡಿದೆ. "ಎರಡಾಣೆ ಒಂಬತ್ತು ಪೈ ಅನ್ರಿ."

"ಎರಡಾಣೆ ಒಂಬತ್ತು ಪೈ. ಅಂದ್ರ ಪಾವಣೆ ಮೂರು."

"ಅಂದ್ರ ಅನಬ್ಯಾಡ್ರಿ!"

ಎರಡು ದಿನಕ್ಕೆ ನಾಲಿಗೆ ಪಳಗಿತು. ಅಜ್ಜಿ ಬಂದು ಮೂರಾಣೆ ಕೊಟ್ಟಳು, ಒಂದು ಪೈಸೆ ವಾಪಸ್ಸಿಗೆ ಕೈ ಚಾಚಿದಳು. ಆ ದಿನಗಳಲ್ಲಿ ಚಿಲ್ಲರೆ ಪೈಸೆ ಊರಿಗೆ ಊರೇ ಹುಡುಕಿದರೂ ಇಲ್ಲ. ನಾನು ಜಾಣತನದಿಂದ ಒಂದು ಪೆಪ್ಪರ್‌ಮಿಂಟು ಕೊಟ್ಟೆ. ಹಲ್ಲಿಲ್ಲದ ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಸೆರಗಿಗೆ ಗಂಟು ಹಾಕಿಕೊಂಡಳು. ವಾರದೊಳಗೆ, ಓಣಿಯವರಿಗೆ ನಾನು ಕೊಟ್ಟಿದ್ದ ಇನ್ನೂ ಮೂರನ್ನು ಕೂಡಿಸಿಕೊಂಡು ಬಂದು ಗಂಟು ಬಿಚ್ಚಿ ನಾಲ್ಕು ಪೆಪ್ಪರ್‌ಮಿಂಟು ನನ್ನ ಮುಂದಿಟ್ಟಳು.

"ಒಂದಾಣೆ ಪುಟಾಣಿ ಕೊಡವಾ."

"ಅಜ್ಜಿ, ಇದು ರೊಕ್ಕ ಅಲ್ರಿ!"

"ನೀ ಕೊಡೋವಾಗ ರೊಕ್ಕ, ನಾ ಕೊಡೋವಾಗ ಅಲ್ಲೇನ? ಕಾನ್ವೆಂಟಿನ್ಯಾಗ ಇದನ್ನ ಕಲಿಸ್ಯಾರನು?"

ಪುಟಾಣಿ ಕೊಟ್ಟೆ. ಒಂದು ಪೆಪ್ಪರ್‌ಮಿಂಟು ತುಸು ಒದ್ದೆಯಾಗಿತ್ತು. ನೆಕ್ಕಿ ನೋಡಿದ್ದಳೆಂದು ಕಾಣುತ್ತದೆ.

ಪುಟಾಣಿ ತೆಗೆದುಕೊಂಡವಳು ಹೋಗಲಿಲ್ಲ. ಅಂಗೈ ಚಾಚಿಕೊಂಡೇ ನಿಂತಳು. "ಕೊಸರು?"

ಕೊಸರೆಂದರೆ ತೂಕ ಮುಗಿದ ಮೇಲೆ ಕೈಗೆ ಹಾಕುವ ಒಂದು ಚಿಟಿಕೆ ಹೆಚ್ಚು. ಬೆಲೆ ಇಳಿಸಿದ್ದೇವೆಂದು ಅದನ್ನು ನಾನೇ ನಿಲ್ಲಿಸಿದ್ದೆ.

"ಪ್ಯಾಟಿಯಾಂವನೂ ಕೊಸರು ಕೊಡಂಗಿಲ್ಲ, ಪೈಸಾ ಕೇಳಿದ್ರ ನಾಳೆ ಬಾ ಅಂತಾನ. ನೀವೂ ಹಂಗ ಆದ್ರಿ. ಅಲ್ಲಿ ಮಟ ನಡದ ಹೋಗೂದಕ್ಕ ಕಾಲಷ್ಟ ನೋಯ್ತಾವು, ಇಲ್ಲಿ ಮನಸ್ಸ ನೋಯತೈತಿ" ಎಂದಳು.

ಅತ್ತೆ ನನ್ನ ಮುಖ ನೋಡಿದರು. ಎದ್ದು, ಹಲಗೆ ತೆಗೆದು ಪುಟಾಣಿ ಡಬ್ಬಿಗೆ ಮುಚ್ಚಳ ಮಾಡಿದರು. ಆಮೇಲೆ ಬಾಗಿಲಿಗೆ ಬಂದು ಕೂಗಿದರು, "ಬೆಲ್ಲ ಮೂರಾಣೆ! ಕೊಸರು ಬ್ಯಾರೆ!" ಕೊಸರಿನ ಬೆಲ್ಲ ಅರ್ಧ ಪೈಸೆಯದೂ ಆಗುತ್ತಿರಲಿಲ್ಲ, ನನ್ನ ಒಂಬತ್ತು ಪೈ ಇಡೀ ಪೈಸೆ ನುಂಗುತ್ತಿತ್ತು. ಮೂರಾಣೆಗೆ ವಾಪಸ್ಸೂ ಇಲ್ಲ, ಪೆಪ್ಪರ್‌ಮಿಂಟೂ ಇಲ್ಲ. ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆದಿರಲಿಲ್ಲ.

ಮುಂದಿನ ಸಂತೆಯ ದಿನ ನಮ್ಮ ಕಟ್ಟೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಹುಣ್ಣಿಮೆಗೆ ಇನ್ನೆರಡು ದಿನ. ಮಾವನವರು ಚೀಲ ಒಟ್ಟಲು ಕೋಣೆ ಅಳೆಯೋಣವೆಂದು ದಾರ ಹಿಡಿದು ಬಂದರು. ಒಳಗೆ ನುಗ್ಗಲಾಗದೆ ಹೆಂಗಸರ ಹಿಂದೆ ನಿಂತರು.

"ಸರದಿ ಪ್ರಕಾರ ಬರ್ರಿ" ಎಂದರು ಅತ್ತೆ, ತಲೆಯೆತ್ತದೆ. "ಏನ ಬೇಕ್ರಿ?"

ಮಾವನವರು ದಾರವನ್ನು ಮೆಲ್ಲಗೆ ಜೇಬಿಗೆ ತುರುಕಿ, "ಒಂದಾಣೆ ನಶ್ಯ" ಎಂದರು. ಪೊಟ್ಟಣ ತೆಗೆದುಕೊಂಡ ಮೇಲೆ ಕೈ ಹಾಗೆಯೇ ಚಾಚಿದ್ದರು.