ಬಸುರಿ ಮಗಳ ಮುಂದಿಟ್ಟ ಹಸಿ ಮೊಳಕೆಕಾಳು

ಮಗಳು ಏಳು ತಿಂಗಳ ಬಸುರಿಯಾಗಿದ್ದಾಗ, ಹೊಳಲ್ಕೆರೆಯಿಂದ ಬಂದ ನನ್ನ ನಾದಿನಿ ಹೆಸರುಕಾಳಿನ ಹಸಿ ಮೊಳಕೆಯನ್ನೂ ಅರೆಬೆಂದ ನಾಟಿಕೋಳಿ ಮೊಟ್ಟೆಯನ್ನೂ ಅವಳ ಮುಂದಿಟ್ಟರು. ನಾನು ಎರಡನ್ನೂ ಎತ್ತಿಕೊಂಡು ಒಲೆಯತ್ತ ನಡೆದೆ.

“ಏನ್ರೀ ಅತ್ತಿಗೆ, ಚೆನ್ನಾಗಿ ತೊಳ್ದೀನಿ. ಬೇಯಿಸಿದ್ರೆ ಸತ್ವ ಹೋಗ್ತೈತೆ!”

“ಕಾಳಿನೊಳಗೆ ರೋಗಾಣು ಇದ್ರೆ ತೊಳೆದ್ರೂ ಹೋಗಲ್ರಿ. ಮೊಳಕೆ ಕಟ್ಟಿದ ಬೆಚ್ಚನೆ ತೇವದಾಗೆ ಅದೂ ಬೆಳೀತೈತೆ.”

“ನಾವೆಲ್ಲ ತಿಂದು ಹೆರಲಿಲ್ವಾ?”

“ಹೆತ್ರಿ. ಇವಳ ಮೇಲೆ ಪರೀಕ್ಷೆ ಬ್ಯಾಡ.”

ಬಸುರಿಯರು, ಎಳೆಯ ಮಕ್ಕಳು, ವೃದ್ಧರು, ರೋಗನಿರೋಧಕ ಶಕ್ತಿ ಕುಂದಿದವರು ಇವನ್ನು ಚೆನ್ನಾಗಿ ಬೇಯಿಸದೆ ತಿನ್ನಬಾರದೆಂದು ವೈದ್ಯೆ ಹೇಳಿದ್ದರು. ಹಳದಿ ಗಟ್ಟಿಯಾಗುವವರೆಗೆ ಮೊಟ್ಟೆಯನ್ನು ಮತ್ತೆ ಕುದಿಸಿದೆ. ಮೊಳಕೆಯನ್ನು ಪೂರ್ತಿ ಬೇಯಿಸಿ ಒಗ್ಗರಣೆ ಹಾಕಿದೆ. ನಾದಿನಿ ಮುನಿಸಿಕೊಂಡು ಊಟಕ್ಕೇಳಲಿಲ್ಲ. ನಾನೂ ಕರೆಯಲಿಲ್ಲ, ಮಗಳಿಗೆ ಬಡಿಸುತ್ತಿದ್ದೆ.