ಮೂರು ಚುಕ್ಕಿಗಳ ಜಾಗದಲ್ಲಿದ್ದ ಎರಡು ಪದ

ನಾನು ಜಯನಗರದ ಒಬ್ಬ ಹಿರಿಯ ವಕೀಲೆಯ ಆಫೀಸಿನಲ್ಲಿ ಜೂನಿಯರ್ ಆಗಿದ್ದಾಗ ನಡೆದದ್ದು ಇದು. ಒಂದು ಶನಿವಾರ ಬೆಳಿಗ್ಗೆ ನನ್ನ ಚಿಕ್ಕಮ್ಮನ ಮಗಳು ಆಫೀಸಿಗೇ ಬಂದಳು. ಸುದ್ದಗುಂಟೆಪಾಳ್ಯದಲ್ಲಿ ಚಿಕ್ಕಮ್ಮನ ಮನೆ. ಗಂಡನ ಮನೆಯಿಂದ ಬಂದು ಕೆಲವು ತಿಂಗಳಿಂದ ಅವಳು ಅಲ್ಲೇ ಇದ್ದಳು. ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು, ಮಾತು ಶುರು ಮಾಡಿದರೆ ನಿಲ್ಲಿಸದವಳು. ಆವತ್ತು ಬ್ಯಾಗಿನಿಂದ ಒಂದು ಲೀಗಲ್ ನೋಟಿಸು, ಅದರ ಜೊತೆಗೆ ಪಿನ್ ಮಾಡಿದ್ದ ಒಂದು ಜೆರಾಕ್ಸ್ ಹಾಳೆ ತೆಗೆದು ನನ್ನ ಟೇಬಲ್ಲಿನ ಮೇಲಿಟ್ಟು ಸುಮ್ಮನೆ ಕೂತಳು.

"ಏನಿದು?" ಅಂದೆ.

"ನಂದು ಮದುವೆನೇ ಅಲ್ವಂತೆ ಅಕ್ಕ."

ನೋಟಿಸು ಅವಳ ಗಂಡನ ಕಡೆಯ ವಕೀಲರದ್ದು. ಮದುವೆಗೆ ಮೊದಲಿನಿಂದಲೂ ಅವಳಿಗೆ ಅಪಸ್ಮಾರವಿತ್ತು, ಹಿಂದೂ ವಿವಾಹ ಕಾಯಿದೆಯ ಐದನೇ ಸೆಕ್ಷನ್ ಪ್ರಕಾರ ಅಂಥವರು ಮದುವೆಗೆ ಅರ್ಹರಲ್ಲ, ಆದ್ದರಿಂದ ಈ ಮದುವೆಯನ್ನು ರದ್ದುಪಡಿಸುವಂತೆ ಕೋರ್ಟಿಗೆ ಹೋಗುತ್ತೇವೆ ಎಂದಿತ್ತು. ಜೆರಾಕ್ಸ್ ಹಾಳೆ ಗಂಡನ ದೊಡ್ಡಪ್ಪನ ಪುಸ್ತಕದ್ದು. ಆ ಹುಡುಗನಿಗೆ ತಂದೆಯಿಲ್ಲ; ಸರ್ಕಾರಿ ಕೆಲಸದಿಂದ ನಿವೃತ್ತರಾದ ದೊಡ್ಡಪ್ಪನೇ ಆ ಮನೆಗೆ ಯಜಮಾನರು. ಒಂದು ಸಾಲಿನ ಕೆಳಗೆ ಅವರು ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದರು. ವಧೂವರರಿಬ್ಬರಲ್ಲಿ ಯಾರೂ ಮತ್ತೆ ಮತ್ತೆ ಮರುಕಳಿಸುವ ಬುದ್ಧಿಭ್ರಮಣೆಗೆ 'ಅಥವಾ ಅಪಸ್ಮಾರ'ಕ್ಕೆ ಒಳಗಾಗಿರಬಾರದು ಎಂಬುದು ಆ ಇಂಗ್ಲಿಷ್ ಸಾಲಿನ ಅರ್ಥ.

ಅವಳಿಗೆ ಮೊದಲ ಸಲ ಫಿಟ್ಸ್ ಬಂದಾಗ ನಾಲ್ಕನೇ ಕ್ಲಾಸಿನಲ್ಲಿದ್ದಳು. ಆಮೇಲೆ ಮಾತ್ರೆಯಲ್ಲಿ ಹತೋಟಿಗೆ ಬಂದಿತ್ತು. ಮದುವೆಯಾದ ಮೇಲೆ ಒಂದು ಹಬ್ಬದ ದಿನ, ಉಪವಾಸ, ನಿದ್ದೆಗೆಟ್ಟ ಆಯಾಸ ಎಲ್ಲ ಸೇರಿ, ನೆಂಟರೆಲ್ಲ ಕೂತಿದ್ದಾಗಲೇ ಅತ್ತೆ ಮನೆಯ ನಡುಮನೆಯಲ್ಲಿ ಫಿಟ್ಸ್ ಬಂದು ಬಿದ್ದಳು. ಅಲ್ಲಿಗೆ ಎಲ್ಲ ಬದಲಾಯಿತು. ಅತ್ತೆ ಅವಳ ಕೈಯಲ್ಲಿ ಒಲೆ ಹಚ್ಚಿಸುವುದನ್ನು ಬಿಟ್ಟರು. "ಸ್ವಲ್ಪ ದಿನ ಅಮ್ಮನ ಮನೇಲಿ ರೆಸ್ಟ್ ತಗೊಂಡು ಬಾ" ಎಂದು ಕಳಿಸಿದವರು ಮತ್ತೆ ಬಾ ಅನ್ನಲಿಲ್ಲ.

ನಾನು ಹಾಳೆಯನ್ನು ಓದಿ ಮುಗಿಸುವ ಹೊತ್ತಿಗೆ ನಮ್ಮ ಸೀನಿಯರ್ ಮೇಡಂ ಒಳಗೆ ಬಂದರು. ನೋಟಿಸನ್ನು ನಿಂತಲ್ಲೇ ಓದಿದರು. ಜೆರಾಕ್ಸ್ ಹಾಳೆಯಲ್ಲಿ ಸೆಕ್ಷನ್ನಿನ ಸಾಲನ್ನು ಬಿಟ್ಟು ಪುಟದ ಬುಡದಲ್ಲಿದ್ದ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು, "ಇದು ಯಾವ ಕಾಲದ ಪ್ರಿಂಟು, ನೋಡಿದ್ಯಾ?" ಅಂದರು.

"ಮೊದಲ ಪುಟ ಇಲ್ಲ ಮೇಡಂ."

"ಮೊದಲ ಪುಟ ಯಾಕೆ? ಬುಡದಲ್ಲಿ ಕೊನೇ ತಿದ್ದುಪಡಿ ಯಾವುದು ನೋಡು."

ಆ ಪುಟದ ಅಡಿಟಿಪ್ಪಣಿಗಳಲ್ಲಿ ತೀರ ಈಚಿನದು ಎಂದರೆ 1978ರದ್ದು. ಅದರ ಆಚೆಗೆ ಏನೂ ಇರಲಿಲ್ಲ. ಬೇರೆ ತಿದ್ದುಪಡಿ ಬಂದೇ ಇಲ್ಲ ಎನ್ನಬಹುದು, ಇಲ್ಲವೇ ಬರುವ ಮೊದಲೇ ಪುಸ್ತಕ ಅಚ್ಚಾಗಿತ್ತು ಎನ್ನಬಹುದು. ಎದ್ದು ಕಪಾಟಿನಿಂದ ನಮ್ಮ ಹೊಸ ಬೇರ್ ಆಕ್ಟ್ ತೆಗೆದೆ. ವ್ಯಾಖ್ಯಾನವಿಲ್ಲದೆ ಬರೀ ಕಾಯಿದೆಯ ಪಠ್ಯ ಮಾತ್ರ ಇರುವ ತೆಳು ಪುಸ್ತಕ ಅದು. ಐದನೇ ಸೆಕ್ಷನ್ ತೆಗೆದು ಎರಡು ಪುಟಗಳನ್ನೂ ಅವಳ ಮುಂದೆ ಅಕ್ಕಪಕ್ಕ ಇಟ್ಟೆ.

ಹೊಸ ಪುಸ್ತಕದಲ್ಲಿ ಆ ಸಾಲು 'ಬುದ್ಧಿಭ್ರಮಣೆ' ಎಂಬಲ್ಲಿಗೆ ನಿಂತಿತ್ತು. ಅದರ ಪಕ್ಕ ಒಂದು ಪುಟ್ಟ ಅಂಕಿ, ಚೌಕ ಆವರಣದೊಳಗೆ ಮೂರು ಚುಕ್ಕಿ.

"ಇಲ್ಲಿ ಏನೋ ಬಿಟ್ಟುಹೋಗಿದೆ" ಅಂದಳು.

"ಬಿಟ್ಟುಹೋಗಿಲ್ಲ, ತೆಗೆದಿದ್ದಾರೆ. ಆ ಅಂಕಿ ಹಿಡ್ಕೊಂಡು ಕೆಳಗೆ ಬಾ."

ಅವಳು ಬೆರಳಿಟ್ಟು ಕೆಳಗಿಳಿದು, ಮಕ್ಕಳಿಗೆ ಪಾಠ ಓದುವ ದನಿಯಲ್ಲಿ ಓದಿದಳು. 'ಅಥವಾ ಅಪಸ್ಮಾರ' ಎಂಬ ಪದಗಳನ್ನು 1999ರ 39ನೇ ಕಾಯಿದೆಯ ಮೂಲಕ ಕೈಬಿಡಲಾಗಿದೆ. ಆ ವರ್ಷದ ಡಿಸೆಂಬರ್ 29ರಿಂದ ಜಾರಿ. ಓದಿ ಮುಗಿಸಿ ಮತ್ತೊಮ್ಮೆ ಓದಿದಳು.

"ಹಾಗಂದ್ರೆ ನನ್ನ ಮದುವೆ ಹೊತ್ತಿಗೆ ಇದು ಇರಲೇ ಇಲ್ವಾ?"

"ಇರಲಿಲ್ಲ."

ಅದೇ ಪುಟದಲ್ಲಿ ಇನ್ನೊಂದು ಟಿಪ್ಪಣಿಯನ್ನೂ ತೋರಿಸಿದೆ. ಮದುವೆಯ ವಯಸ್ಸು ಹುಡುಗನಿಗೆ ಇಪ್ಪತ್ತೊಂದು, ಹುಡುಗಿಗೆ ಹದಿನೆಂಟು ಎಂದು ಮೇಲೆ ಆವರಣದೊಳಗಿದೆ; ಮೊದಲು ಹದಿನೆಂಟು ಮತ್ತು ಹದಿನೈದು ಇದ್ದದ್ದನ್ನು ಬದಲಿಸಲಾಗಿದೆ ಎಂದು ಕೆಳಗೆ ಬರೆದಿದೆ. ಬದಲಿಸಿದ್ದಾದರೆ ಆವರಣದೊಳಗೆ ಹೊಸ ಪದ ಕಾಣುತ್ತದೆ. ಕೈಬಿಟ್ಟದ್ದಾದರೆ ಚುಕ್ಕಿ ಮಾತ್ರ, ಅಲ್ಲಿ ಏನಿತ್ತು ಎನ್ನುವುದು ಬುಡಕ್ಕೆ ಹೋದವರಿಗೆ ಗೊತ್ತಾಗುತ್ತದೆ. ಮೇಡಂ ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಪುಸ್ತಕ ಅಚ್ಚಾದ ಮೇಲೆ ಈ ಸೆಕ್ಷನ್ನಿಗೆ ಬೇರೆ ತಿದ್ದುಪಡಿ ಬಂದಿದೆಯೇ ಎಂದು ಸರ್ಕಾರದ ವೆಬ್‌ಸೈಟಿನ ಪಠ್ಯವನ್ನೂ ನನ್ನಿಂದ ತೆಗೆಸಿ ತಾಳೆ ನೋಡಿಸಿದರು. ಅಲ್ಲೂ ಅದೇ ಮೂರು ಚುಕ್ಕಿ.

ನನಗೆ ಗೆದ್ದಷ್ಟು ಖುಷಿಯಾಗಿತ್ತು. ಅವಳು ಮಾತ್ರ ಹೊಸ ಪುಸ್ತಕವನ್ನು ಮುಚ್ಚಿ, "ಅವನು ಈ ನೋಟಿಸ್ ಓದಿಯೇ ಸೈನ್ ಹಾಕಿರ್ತಾನಾ ಅಕ್ಕ?" ಎಂದು ಕೇಳಿದಳು. ನೋಟಿಸಿಗೆ ವಕೀಲರ ಸಹಿ ಸಾಕು ಎಂದೆ. ಅದು ಅವಳು ಕೇಳಿದ್ದಕ್ಕೆ ಉತ್ತರವಾಗಿರಲಿಲ್ಲ.

ನಾವು ಉತ್ತರ ಕಳಿಸಿದೆವು. ಆ ಕಡೆಯ ವಕೀಲರು ಮೇಡಂಗೆ ಫೋನ್ ಮಾಡಿದರು. ಪಾರ್ಟಿ ಕೊಟ್ಟ ಹಾಳೆ ನೋಡಿ ಬರೆದದ್ದು ತಪ್ಪಾಯಿತು, ಆ ಕಾರಣ ಬಿಡುತ್ತೇವೆ ಎಂದರು. ಅದರ ಹಿಂದೆಯೇ, ಹನ್ನೆರಡನೇ ಸೆಕ್ಷನ್ನಿನಲ್ಲಿ ವಂಚನೆ ಎಂಬ ಕಾರಣವಿದೆಯಲ್ಲ ಎಂದೂ ಸೇರಿಸಿದರು. ಕಾಯಿಲೆ ಅಡ್ಡಿಯಲ್ಲದಿರಬಹುದು, ಅದನ್ನು ಮುಚ್ಚಿಟ್ಟು ಮದುವೆ ಮಾಡಿದ್ದು ಮೋಸ ಎನ್ನುವ ವಾದ. ಅದನ್ನು ಯಾವ ಚುಕ್ಕಿಯೂ ಅಳಿಸಿರಲಿಲ್ಲ. ಕೋರ್ಟಿಗೆ ಹೋಗುವ ಮೊದಲು ಒಮ್ಮೆ ಕೂತು ಮಾತಾಡೋಣ ಎಂದು ತೀರ್ಮಾನವಾಯಿತು.

ನಮ್ಮ ಆಫೀಸಿನಲ್ಲೇ ಸೇರಿದೆವು. ದೊಡ್ಡಪ್ಪ ಪುಸ್ತಕವನ್ನೇ ಹಿಡಿದು ಬಂದಿದ್ದರು, ಬೈಂಡು ಹಾಕಿಸಿ ಜೋಪಾನ ಮಾಡಿದ್ದು. ಅವರ ವಕೀಲರು ಪಕ್ಕದಲ್ಲಿ, ಹುಡುಗ ಕೊನೆಯ ಕುರ್ಚಿಯಲ್ಲಿ. ಎದುರಿಗೆ ನನ್ನ ತಂಗಿ, ಚಿಕ್ಕಮ್ಮ.

"ನನ್ನ ಬುಕ್ಕಲ್ಲಿ ಕ್ಲಿಯರ್ ಆಗಿದೆ ಮೇಡಂ" ಎಂದರು ದೊಡ್ಡಪ್ಪ.

"ನಿಮ್ಮ ಬುಕ್ಕಲ್ಲಿ ಇರೋದು ನಿಜ ಸಾರ್. ಅದು ಅಚ್ಚಾದಾಗ ಕಾನೂನೂ ಹಾಗೇ ಇತ್ತು" ಎಂದು ಮೇಡಂ ಹೊಸ ಪುಟವನ್ನು ಅವರ ಕಡೆ ತಿರುಗಿಸಿದರು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಜಗಳ ಮಾಡಲಿಲ್ಲ. ಪುಸ್ತಕ ಮುಚ್ಚಿ, "ಆಯ್ತು. ಆದ್ರೆ ನಮ್ಮತ್ರ ಹೇಳಬೇಕಿತ್ತಲ್ವಾ?" ಅಂದರು.

ಚಿಕ್ಕಮ್ಮ ತಲೆ ತಗ್ಗಿಸಿದರು. "ನಾನೇ ಹೇಳಬೇಡ ಅಂದಿದ್ದೆ. ಅವಳದ್ದೇನೂ ತಪ್ಪಿಲ್ಲ. ಹೇಳಿದ್ರೆ ಯಾರು ಮಾಡ್ಕೋತಾರೆ ಅಂತ."

"ನೋಡಿ" ಎಂದರು ಆ ವಕೀಲರು.

ನನ್ನ ತಂಗಿ ಯಾರನ್ನೂ ನೋಡದೆ ಹೇಳಿದಳು. "ಅಮ್ಮ ಬೇಡ ಅಂದ್ರೂ ನಾನು ಹೇಳಿದ್ದೆ. ನಿಶ್ಚಿತಾರ್ಥಕ್ಕೆ ಮುಂಚೆ. ಪಾರ್ಕಲ್ಲಿ ಕೂತ್ಕೊಂಡು, ಮಾತ್ರೆ ಹೆಸರೂ ಹೇಳಿದ್ದೆ."

ಇದು ನನಗೂ ಗೊತ್ತಿರಲಿಲ್ಲ. ಚಿಕ್ಕಮ್ಮ ಅವಳ ಮುಖವನ್ನೇ ನೋಡುತ್ತಿದ್ದರು. ಮೇಡಂ ಕೊನೆಯ ಕುರ್ಚಿಯತ್ತ ತಿರುಗಿ, "ಹೌದೇನಪ್ಪ?" ಎಂದು ಕೇಳಿದರು.

ಹುಡುಗ ಇಲ್ಲ ಎಂದಿದ್ದರೆ ವರ್ಷಗಟ್ಟಲೆ ಸಾಕ್ಷಿ, ವಿಚಾರಣೆ. ಪಾರ್ಕಿನಲ್ಲಿ ಇಬ್ಬರೇ ಆಡಿದ ಮಾತಿಗೆ ಸಾಕ್ಷಿ ಯಾರು? ಅವನು ದೊಡ್ಡಪ್ಪನ ಕೈಲಿದ್ದ ಪುಸ್ತಕವನ್ನು ನೋಡಿದ, ಅವಳನ್ನು ನೋಡಿದ. "ಹೌದು. ಹೇಳಿದ್ಲು" ಅಂದ.

"ಮತ್ತೆ ನೀನು ನಮಗೆ ಯಾಕೋ ಹೇಳ್ಲಿಲ್ಲ?" ಎಂದರು ದೊಡ್ಡಪ್ಪ.

"ಹೇಳಿದ್ರೆ ನೀವು ಒಪ್ತಿರ್ಲಿಲ್ಲ."

ಅವನ ವಕೀಲರು ಪೆನ್ನಿನ ಕ್ಯಾಪು ಮುಚ್ಚಿದರು. ಗೊತ್ತಿದ್ದೇ ಮದುವೆಯಾದವನು ವಂಚನೆ ಎನ್ನಲಾರ. ರದ್ದತಿಯ ಮಾತು ಅಲ್ಲಿಗೆ ಮುಗಿಯಿತು. ಇನ್ನು ಅವನೇ ಎದ್ದು ಬಂದು, ಮನೆಗೆ ಹೋಗೋಣ ಬಾ ಎನ್ನುತ್ತಾನೆ ಎಂದು ನಾನು ಕಾದೆ. ಅವಳೂ ಕಾದಿದ್ದಳು ಎಂದು ಕಾಣುತ್ತದೆ, ಯಾಕೆಂದರೆ ಅಷ್ಟು ಹೊತ್ತು ಮಡಿಲಲ್ಲಿದ್ದ ಬ್ಯಾಗನ್ನು ಭುಜಕ್ಕೆ ಹಾಕಿಕೊಂಡಿದ್ದಳು.

ಅವನು ಎದ್ದ. "ನನಗೆ ಆವತ್ತಿಂದ ಭಯ" ಎಂದ, ಅವಳಿಗೊಬ್ಬಳಿಗೇ ಹೇಳುವ ಹಾಗೆ. "ನೀನು ಹೇಳಿದಾಗ ಏನೂ ಅನ್ನಿಸಿರ್ಲಿಲ್ಲ. ಕಣ್ಣಲ್ಲಿ ನೋಡಿದ್ಮೇಲೆ ಆಗ್ತಿಲ್ಲ ನನ್ನ ಕೈಲಿ. ಪಕ್ಕದಲ್ಲಿ ಮಲಗಿದ್ರೂ ಉಸಿರು ಎಣಿಸ್ತಾ ಇರ್ತೀನಿ."

"ಡಾಕ್ಟ್ರ ಹತ್ರ ಒಂದ್ಸಲ ಒಟ್ಟಿಗೆ ಹೋಗೋಣ ಅಂತ ಕೇಳಿದ್ದೆ" ಎಂದಳು ಅವಳು.

"ಹೌದು, ನೀನು ಕೇಳಿದ್ದೆ."

ಅವಳು ಬ್ಯಾಗನ್ನು ಮತ್ತೆ ಮಡಿಲಿಗೆ ಇಳಿಸಿ, ಮೇಡಂ ಕಡೆ ತಿರುಗಿ, ಸಮ್ಮತಿಯ ವಿಚ್ಛೇದನ ಹೇಗೆ ಎಂದು ವಿಚಾರಿಸಿದಳು. ಮೇಡಂ ಹದಿಮೂರು ಬಿ ಸೆಕ್ಷನ್ ತೆಗೆದರು. ಅದು ಮೂಲ ಕಾಯಿದೆಯಲ್ಲಿ ಇರಲಿಲ್ಲ. 1976ರಲ್ಲಿ ಸೇರಿಸಿದ್ದೆಂದು ಅದರ ಬುಡದಲ್ಲಿದೆ, ಹಾಗಾಗಿಯೇ ಹದಿಮೂರಕ್ಕೂ ಹದಿನಾಲ್ಕಕ್ಕೂ ನಡುವೆ ಅಕ್ಷರ ಹಾಕಿಕೊಂಡು ಕೂತಿದೆ. ಇಬ್ಬರೂ ಒಂದು ವರ್ಷವಾದರೂ ಬೇರೆ ಬೇರೆ ಇದ್ದಿರಬೇಕು, ಒಟ್ಟಿಗೆ ಬಾಳಲು ಆಗುತ್ತಿಲ್ಲವೆಂದು ಇಬ್ಬರೂ ಒಪ್ಪಿ ಅರ್ಜಿ ಹಾಕಬೇಕು ಎಂದು ವಿವರಿಸಿದರು.

"ಸರಿ ಮೇಡಂ. ವರ್ಷ ತುಂಬಲಿ" ಎಂದಳು. ಆಮೇಲೆ ದೊಡ್ಡಪ್ಪನಿಗೆ, "ವಿಚ್ಛೇದನ ಅಂತಲೇ ಇರಲಿ ಅಂಕಲ್. ಮದುವೆ ಆಗಿತ್ತು, ಮುರೀತು. ಆಗಲೇ ಇಲ್ಲ ಅಂತ ಬರೆಸಬೇಡಿ" ಎಂದಳು. ಮದುವೆಯಾದಾಗಿನಿಂದ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದವಳು ಅವಳು. ಅವರು ಪುಸ್ತಕವನ್ನು ಚೀಲಕ್ಕೆ ಹಾಕುತ್ತಿದ್ದವರು ತಡೆದು, ತಲೆಯಾಡಿಸಿದರು.

ಹಾಗೆಯೇ ಆಯಿತು. ವರ್ಷ ತುಂಬಿದ ಮೇಲೆ ಅರ್ಜಿ, ಆಮೇಲೆ ಕಾಯುವ ತಿಂಗಳುಗಳು, ಕೊನೆಗೆ ಒಂದು ಬೆಳಿಗ್ಗೆ ಕೌಟುಂಬಿಕ ನ್ಯಾಯಾಲಯದಲ್ಲಿ ಕೆಲವೇ ನಿಮಿಷಗಳ ಕೆಲಸ. ಹೊರಗೆ ಬಂದಾಗ ಅವನು, "ಮಾತ್ರೆ ತಪ್ಪಿಸ್ಬೇಡ" ಎಂದ. ಅವಳು, "ಹೂಂ" ಎಂದಳು. ಆಟೋದಲ್ಲಿ ಸುದ್ದಗುಂಟೆಪಾಳ್ಯ ಮುಟ್ಟುವವರೆಗೂ ಹೊರಗಡೆಗೇ ಮುಖ ಮಾಡಿ ಕೂತಿದ್ದಳು.

ಊಟಕ್ಕೆ ಚಿಕ್ಕಮ್ಮ ತಿಳಿಸಾರು, ಬೀನ್ಸ್ ಪಲ್ಯ ಮಾಡಿದ್ದರು. ತಂಗಿ ಎರಡು ತುತ್ತು ತಿಂದು ಒಳಗೆ ಹೋಗಿ ಮಲಗಿದಳು. ಚಿಕ್ಕಮ್ಮ ನನ್ನ ಎದುರು ಕೂತು ದನಿ ತಗ್ಗಿಸಿ ಕೇಳಿದರು.

"ಆ ಎರಡು ಪದ ತೆಗೆದಿದ್ದು ಯಾವಾಗ ಅಂದೆ?"

"ತೊಂಬತ್ತೊಂಬತ್ತರಲ್ಲಿ ಚಿಕ್ಕಮ್ಮ."

ಅವರು ಲೆಕ್ಕ ಹಾಕಿದರು. "ಆಗ ಇವಳಿನ್ನೂ ತೊದಲು ಮಾತಾಡ್ತಿದ್ಲು. ಮೊದಲ ಸಲ ಬಿದ್ದಾಗ ನಮ್ಮ ಬೀದೀಲಿ ಒಬ್ರು ಹಿರೀಕರು ಹೇಳಿದ್ರು, ಈ ಕಾಯಿಲೆ ಇದ್ರೆ ಕಾನೂನಲ್ಲೂ ಮದುವೆ ನಿಲ್ಲಲ್ಲ, ಯಾರಿಗೂ ಬಾಯಿ ಬಿಡ್ಬೇಡಿ ಅಂತ. ಅವತ್ತಿಂದ ಮುಚ್ಚಿಟ್ಟೆ. ಸ್ಕೂಲಲ್ಲಿ ಹೇಳಲಿಲ್ಲ, ನಿಮ್ಮಮ್ಮಂಗೂ ಎಷ್ಟೋ ವರ್ಷ ಹೇಳಲಿಲ್ಲ. ಮಾತ್ರೇನ ಅಕ್ಕಿ ಡಬ್ಬದಲ್ಲಿ ಇಡ್ತಿದ್ದೆ." ಮತ್ತೊಮ್ಮೆ ಬೆರಳು ಮಡಿಸಿ ಎಣಿಸಿ, "ಅವರು ಹೇಳೋ ಹೊತ್ತಿಗೇ ಅದು ಇರಲಿಲ್ಲ ಅನ್ನು" ಎಂದರು.

"ಇರಲಿಲ್ಲ ಚಿಕ್ಕಮ್ಮ."

ಅವರು ತಟ್ಟೆಯಲ್ಲಿ ಉಳಿದಿದ್ದ ಅನ್ನವನ್ನು ಬೆರಳಿನಿಂದ ಒಂದು ಕಡೆಗೆ ಒತ್ತುತ್ತಾ, "ಯಾರಾದ್ರೂ ಒಂದು ಮಾತು ಹೇಳಬಾರದಿತ್ತಾ" ಎಂದರು. ಒಳಗೆ ಮಲಗಿದ್ದವಳು ಎಚ್ಚರವಾಗಿದ್ದಳೋ ಏನೋ, ಮಗ್ಗುಲು ಬದಲಿಸಿದ ಸದ್ದು ಕೇಳಿಸಿತು.