ಹಿಂದಕ್ಕೆ ಹೊರಟ ಬಾಣ

ಐವತ್ತೆರಡು ಸ್ಲೈಡುಗಳ ಆ ಪಾಠ ನನ್ನ ಮೊಬೈಲಿಗೆ ಬಂದಾಗ ನಾನು ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕಳಿಸಿದವರು ನಮ್ಮ ಸಮಾಜ ವಿಜ್ಞಾನ ಶಿಕ್ಷಕರ ಗುಂಪಿನ ಹಿರಿಯರು. ನಾವೆಲ್ಲ ಅವರನ್ನು ಬರೀ ಸರ್ ಎನ್ನುತ್ತೇವೆ. ಹತ್ತನೆಯ ತರಗತಿಯ ಕಿತ್ತೂರಿನ ಪಾಠ. ಕೆಳಗೆ ಒಂದು ಧ್ವನಿ ಸಂದೇಶ: "ಮೇಡಂ, ಇದನ್ನ ಕಾರಣ-ಪರಿಣಾಮದ ಕಾಲರೇಖಿ ಮಾಡಿ ಕೊಡ್ರಿ. ಎಲ್ಲಾ ಹೈಸ್ಕೂಲಿಗೂ ಕಳಸೋದೈತಿ. ನಿಮ್ಮಷ್ಟು ಕಿತ್ತೂರ ಪಾಠ ಮಾಡಿದವರು ಯಾರದಾರ?"

ಹೊಗಳಿಕೆಗೆ ನಾನು ಬೇಗ ಬೀಳುತ್ತೇನೆ. ಬೈಲಹೊಂಗಲಕ್ಕೂ ಕಿತ್ತೂರಿಗೂ ನಡುವಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇತಿಹಾಸ ಹೇಳುತ್ತಿದ್ದೇನೆ. ಆಗಲಿ ಸರ್ ಎಂದು ಬರೆದು, ಬಸ್ಸಿನಲ್ಲಿ ಕೂತು ಸ್ಲೈಡುಗಳನ್ನು ತೆರೆದೆ. ಎಂ.ಕೆ. ಹುಬ್ಬಳ್ಳಿ ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ನಮ್ಮೂರು ಬರುವಷ್ಟರಲ್ಲಿ ನನಗೆ ಮೈಯೆಲ್ಲ ಉರಿದುಹೋಗಿತ್ತು.

ಕೊನೆಯ ಸ್ಲೈಡಿನಲ್ಲಿ ಯಾರೋ ಪುಣ್ಯಾತ್ಮರು ಆಗಲೇ ಕಾಲರೇಖೆ ಮಾಡಿಟ್ಟಿದ್ದರು. ಶೀರ್ಷಿಕೆಗಳನ್ನೆಲ್ಲ ಒಟ್ಟಿಗೆ ಆರಿಸಿ, ಬಾಣಗಳ ವಿನ್ಯಾಸದ ಗುಂಡಿ ಒತ್ತಿದ್ದರು, ಅಷ್ಟೆ. ದೊರೆ ತೀರಿಕೊಂಡರು, ಬಾಣ, ದತ್ತು, ಬಾಣ, ಯುದ್ಧ, ಬಾಣ, ಸೆರೆ. ಒಂದರ ನಂತರ ಒಂದು ಆದದ್ದೆಲ್ಲ ಒಂದರಿಂದ ಒಂದು ಆದಂತೆ. ನಾನು ಚಹಾ ಕುಡಿದ ಮೇಲೆ ಬಸ್ಸು ಬಂತು ಎಂದರೆ ನನ್ನ ಚಹಾ ಬಸ್ಸನ್ನು ಕರೆದುಕೊಂಡು ಬಂತೇ? ಅದರಲ್ಲೂ ದತ್ತಿನಿಂದ ಯುದ್ಧಕ್ಕೆ ಎಳೆದ ಬಾಣ ನೋಡಿ ಹಲ್ಲು ಕಡಿದೆ. ನಮ್ಮ ಕಡೆ ಗಂಡುಮಕ್ಕಳಿಲ್ಲದ ಎಷ್ಟು ಮನೆಗಳಲ್ಲಿ ದತ್ತಕ ಆಗಿಲ್ಲ? ದತ್ತು ತೆಗೆದುಕೊಂಡದ್ದು ಯುದ್ಧ ತರಲಿಲ್ಲ. ಅದನ್ನು ಒಪ್ಪುವುದಿಲ್ಲ ಎಂದವರು ತಂದರು.

ನಾನು ಕಂಪ್ಯೂಟರ್ ಮುಟ್ಟಲಿಲ್ಲ. ಸ್ಲೈಡುಗಳಿದ್ದದ್ದು ವಿಷಯದ ಪ್ರಕಾರ. ಕಾರಣಗಳು ಒಂದು ಕಡೆ, ಘಟನೆಗಳು ಒಂದು ಕಡೆ, ಮುಂದಿನ ಬೆಳವಣಿಗೆಗಳು ಎಲ್ಲೋ ಕೊನೆಗೆ. ಹಾಗಿದ್ದಾಗ ಇಸವಿಗಳು ಒಂದರ ಮುಖ ಒಂದು ನೋಡುವುದೇ ಇಲ್ಲ. ಮೊದಲು ಸ್ಲೈಡುಗಳನ್ನು ಒಡೆಯಬೇಕು. ಹತ್ತನೆಯ ತರಗತಿಯ ಮಕ್ಕಳಿಗೆ ಚೀಟಿ ಕೊಟ್ಟೆ. ಒಂದು ಚೀಟಿಗೆ ಒಂದೇ ಮಾತು, ತಲೆಯ ಮೇಲೆ ಇಸವಿ. ಬಹಳ ದಿನದಿಂದ ಇದ್ದ ಪರಿಸ್ಥಿತಿಗೆ ಹಳದಿ ಚೀಟಿ, ತಕ್ಷಣದ ಕಾರಣಕ್ಕೆ ಹಸಿರು, ಘಟನೆಗೆ ಬಿಳಿ. ಹಲಗೆಯಿಂದ ಹಿಂದಿನ ಗೋಡೆಯವರೆಗೆ ಹಗ್ಗ ಕಟ್ಟಿ, ಎರಡು ವರ್ಷಕ್ಕೆ ಒಂದು ಗೇಣು ಎಂದು ಅಳೆದು ಗುರುತು ಮಾಡಿದೆವು. ಯುದ್ಧ ನಡೆದ 1824ರ ಜಾಗದಲ್ಲಿ ಎಂಟು ಚೀಟಿಗಳು ಒಂದರ ಮೇಲೊಂದು ಬಿದ್ದವು. ಅದಕ್ಕೆ ಬೇರೆ ದೊಡ್ಡ ಹಾಳೆ ಹಚ್ಚಿ ತಿಂಗಳ ಪ್ರಕಾರ ಬಿಡಿಸಿದೆವು.

ಬಾಣಕ್ಕೆ ಕೆಂಪು ದಾರ. ದಾರ ಕಟ್ಟಲು ನನ್ನದು ಎರಡೇ ಷರತ್ತು. ಇದು ಆಗದಿದ್ದರೆ ಅದು ಆಗುತ್ತಿತ್ತೇ ಎಂದು ಕೇಳಬೇಕು. ಆಮೇಲೆ ದಾರದ ಮೇಲೆ ಒಂದು ಕ್ರಿಯಾಪದ ಬರೆಯಬೇಕು: ಕೆರಳಿಸಿತು, ತಡೆಯಿತು, ದಾರಿ ಮಾಡಿಕೊಟ್ಟಿತು. ಕ್ರಿಯಾಪದ ಸಿಗದಿದ್ದರೆ ದಾರ ಬಿಚ್ಚಬೇಕು. ಮಕ್ಕಳು ಜಗಳಾಡಿ ಜಗಳಾಡಿ ಅರ್ಧ ದಾರ ಬಿಚ್ಚಿದರು. ಪೇಶ್ವೆಯ ಆಳ್ವಿಕೆ ಮುಗಿದು ಕಿತ್ತೂರು ಕಂಪನಿಯ ಹಿಡಿತಕ್ಕೆ ಬಂದದ್ದು ಹಳದಿ ಚೀಟಿಯಾಗಿ ಎಡಗಡೆ ಗಟ್ಟಿಯಾಗಿ ಕೂತಿತು. ಇಷ್ಟರವರೆಗೆ ನನಗೆ ನನ್ನ ಮೇಲೆ ಭಾರೀ ಅಭಿಮಾನ.

ಹತ್ತೊಂಬತ್ತನೆಯ ಸ್ಲೈಡಿನ ಚೀಟಿ ಒಬ್ಬ ಹುಡುಗಿಯ ಪಾಲಿಗೆ ಬಂದಿತ್ತು. ಮೊದಲು ಬಹಳ ಮಾತಿನ ಹುಡುಗಿ, ಈಚೆಗೆ ಬಾಯಿ ಬಿಡುತ್ತಿರಲಿಲ್ಲ. ಚೀಟಿಯಲ್ಲಿದ್ದದ್ದು: ಯುದ್ಧಕ್ಕೆ ತಕ್ಷಣದ ಕಾರಣ, 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂಬ ನೀತಿ. ಇಸವಿ ಇರಲಿಲ್ಲ. ಅವಳು ಸ್ಲೈಡುಗಳನ್ನು ತಿರುವಿ ನಲವತ್ತನಾಲ್ಕನೆಯದರಲ್ಲಿ ಇಸವಿ ಹುಡುಕಿದಳು. ಆ ನೀತಿ ಜಾರಿಗೆ ಬಂದದ್ದು 1848ರಿಂದ. ಚೀಟಿ ಹಿಡಿದು ಹಗ್ಗದ ಗುಂಟ ನಡೆದಳು. 1824 ದಾಟಿ ಹನ್ನೆರಡು ಗೇಣು ಮುಂದೆ ಹೋಗಿ ಅಂಟಿಸಿದಳು. ಅಲ್ಲಿಂದ ಯುದ್ಧಕ್ಕೆ ದಾರ ಎಳೆದು ಕಟ್ಟಿ, ಒಂದೂ ಮಾತಾಡದೆ ಬಂದು ಕೂತಳು.

ಹಿಂದಿನ ಬೆಂಚಿನಿಂದ ಯಾರೋ ಅಂದರು, "ಟೀಚರ್, ಬಾಣ ಹಿಂದಕ ಹೊಂಟೈತ್ರಿ."

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ, ಏಕೆಂದರೆ ಅರ್ಧವಾರ್ಷಿಕ ಪರೀಕ್ಷೆ ನೆನಪಾಯಿತು. ಯುದ್ಧಕ್ಕೆ ತಕ್ಷಣದ ಕಾರಣವೇನು ಎಂದು ನಾನೇ ಕೇಳಿದ್ದೆ. ಈ ಹುಡುಗಿ ಬರೆದಿದ್ದಳು: ಕಂಪನಿ ದತ್ತಕ ಒಪ್ಪಲಿಲ್ಲ, ಧಾರವಾಡದ ಕಲೆಕ್ಟರ್ ಕಿತ್ತೂರಿನ ಖಜಾನೆಗೆ ಮುದ್ರೆ ಹಾಕಿಸಿದ, ಆ ನೀತಿ ಅಂಬೋದು ಇನ್ನೂ ಬಂದಿರಲಿಲ್ಲ. ನಾನು ಕೆಂಪು ಪೆನ್ನಿನಿಂದ ಅಡ್ಡಗೆರೆ ಹೊಡೆದು ಸೊನ್ನೆ ಹಾಕಿದ್ದೆ. ಪೇಪರು ಹಿಡಿದು ಕೇಳಲು ಬಂದಾಗ ಎಲ್ಲರ ಮುಂದೆ ಅಂದಿದ್ದೆ, "ನೋಟ್ಸಿನ್ಯಾಗ ಏನೈತಿ ಅದನ್ನ ಬರೀಬೇಕು. ನೀ ಏನ ಹೊಸಾ ಇತಿಹಾಸ ಬರೀತಿಯೇನ?" ಅವತ್ತೂ ತರಗತಿ ನಕ್ಕಿತ್ತು. ಅವಳು ಬಾಯಿ ಮುಚ್ಚಿದ್ದು ಅವತ್ತಿನಿಂದ.

ಅವಮಾನವಾದಾಗ ನಾನು ಮೊದಲು ಮಾಡುವ ಕೆಲಸ ಇನ್ನೊಬ್ಬರ ಮೇಲೆ ಸಿಟ್ಟಾಗುವುದು. ಆ ಸಿಟ್ಟನ್ನು ಹೊತ್ತುಕೊಂಡೇ ಶನಿವಾರ ಮಧ್ಯಾಹ್ನ ಬೈಲಹೊಂಗಲದಲ್ಲಿ ನಮ್ಮ ಶಿಕ್ಷಕರ ಗುಂಪಿನ ಸಭೆಗೆ ಹೋದೆ. ಸರ್ ಇದ್ದರು, ಜೊತೆಗೆ ನಾಲ್ಕೈದು ಮಂದಿ ಶಿಕ್ಷಕರು. ಹಗ್ಗದ ಫೋಟೋ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿಟ್ಟು ಹಿಂದಕ್ಕೆ ಹೊರಟ ಬಾಣ ತೋರಿಸಿದೆ.

ಸರ್ ಕನ್ನಡಕ ಏರಿಸಿ ನೋಡಿದರು. "ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತೀರಿ ಮೇಡಂ? ಇಸ್ವಿ ತಗೀರಿ. ಬಾಣ ಸೀದಾ ಆಗತೈತಿ."

"ಕಾಲರೇಖಿಯೊಳಗ ಕಾಲಾನ ತಗಿ ಅಂತೀರೇನ್ರಿ ಸರ್?"

"ಹಂಗಲ್ರಿ. ಕೀ ಉತ್ತರ ಹಂಗ ಐತಿ. ಹುಡುಗರು ಬ್ಯಾರೆ ಬರದ್ರ ಮಾರ್ಕ ಹೊಕ್ಕಾವು. ನಾವು ಮಕ್ಕಳ ಸಲುವಾಗಿನ ಹೇಳಾಕ್ಹತ್ತೇವಿ."

ಮಕ್ಕಳ ಸಲುವಾಗಿ. ಈ ಮಾತು ಕೇಳಿದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. "ಸರ್, ಆ ನೀತಿ ತಂದ ಗವರ್ನರ್ ಜನರಲ್ ಯುದ್ಧದ ವರ್ಷ ಹನ್ನೆರಡು ವರ್ಷದ ಹುಡುಗ. ಏಳನೇತ್ತೆ ಓದೋ ಹುಡುಗ ಕಿತ್ತೂರ ಮ್ಯಾಲೆ ಕಾಯ್ದೆ ಮಾಡಿದ್ನೇನ್ರಿ? ಯಾರ್ರಿ ಬರದವರು ಈ ಹತ್ತೊಂಬತ್ತನೇ ಸ್ಲೈಡ? ಅವರನ್ನ ಇಲ್ಲಿ ಕರೀರಿ. ಯಾವ ಪುಸ್ತಕ ನೋಡಿ ಬರದಾರ ಕೇಳೋಣು."

ಸರ್ ಮೆಲ್ಲಗೆ ತಮ್ಮ ಚೀಲದಿಂದ ಒಂದು ಝೆರಾಕ್ಸ್ ಕಟ್ಟು ತೆಗೆದು ಮೇಜಿನ ಮೇಲೆ ಇಟ್ಟರು. ಝೆರಾಕ್ಸಿನ ಝೆರಾಕ್ಸ್, ಅಂಚೆಲ್ಲ ಕಪ್ಪಾಗಿತ್ತು. ಆದರೂ ಅಕ್ಷರ ಗುರುತು ಸಿಕ್ಕಿತು. ನನ್ನದೇ ಕೈಬರಹ.

"ನಿಮ್ಮ ನೋಟ್ಸ ರೀ ಮೇಡಂ," ಎಂದರು ಸರ್. ಹಂಗಿಸುವ ದನಿ ಇರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. "ಸವದತ್ತಿ, ರಾಮದುರ್ಗದ ಸಾಲ್ಯಾಗೂ ಇದನ್ನ ಓದಸ್ತಾರ. ಸ್ಲೈಡ ಮಾಡಿದವರು ಇದನ್ನ ನೋಡಿ ಟೈಪ್ ಮಾಡ್ಯಾರ."

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಬರೆದ ನೋಟ್ಸ್ ಅದು. ನನಗೂ ಯಾರೋ ಹಾಗೇ ಹೇಳಿಕೊಟ್ಟಿದ್ದರು, ನಾನು ಬರೆದುಕೊಂಡೆ. ದತ್ತು ಎಂದೊಡನೆ ಆ ನೀತಿ ನಾಲಗೆಯ ತುದಿಗೆ ಬರುತ್ತದೆ. ಎರಡೂ ಇಸವಿ ನನಗೆ ಬಾಯಿಪಾಠ, ಪ್ರತಿ ವರ್ಷ ಎರಡನ್ನೂ ಹೇಳಿದ್ದೇನೆ, ಒಂದರ ಪಕ್ಕ ಒಂದು ಇಟ್ಟು ನೋಡಿರಲೇ ಇಲ್ಲ. ಅವತ್ತು ಸಭೆಯಲ್ಲಿ ಸಿಟ್ಟು ಇಳಿಯಿತು ಎಂದರೆ ಸುಳ್ಳಾಗುತ್ತದೆ. ಸಿಟ್ಟು ಇತ್ತು, ಅದನ್ನು ಹಾಕಲು ಬೇರೆಯವರ ತಲೆ ಉಳಿದಿರಲಿಲ್ಲ.

"ನಂದ ತಪ್ಪಿದ್ರ ನಾನ ತಿದ್ದತೇನಿ. ಇಸ್ವಿ ಮಾತ್ರ ತಗ್ಯಾಂಗಿಲ್ಲ," ಎಂದೆ.

ಸರ್, ಹಾಗಾದರೆ ನೋಟ್ಸಿಗೂ ತಿದ್ದುಪಡಿ ಬರೆದು ನಿಮ್ಮ ಹೆಸರಿನಲ್ಲೇ ಎಲ್ಲ ಶಾಲೆಗೆ ಕಳಿಸಿ ಎಂದರು. ಒಪ್ಪಿಕೊಂಡೆ.

ಭಾನುವಾರ ಕೂತು ಹಗ್ಗದ ಮೇಲಿದ್ದದ್ದನ್ನು ಒಂದೇ ಅಗಲ ಸ್ಲೈಡಿಗೆ ಇಳಿಸಿದೆ. ಪ್ರತಿ ಚೀಟಿಯನ್ನು ಮುಟ್ಟಿದರೆ ಅದರ ವಿವರದ ಹಳೆಯ ಸ್ಲೈಡು ತೆರೆಯುವಂತೆ ಕೊಂಡಿ ಹಾಕಿದೆ. ತಕ್ಷಣದ ಕಾರಣದ ಹಸಿರು ಚೀಟಿಯಲ್ಲಿ ಕಂಪನಿ ದತ್ತಕ ಒಪ್ಪದ್ದು, ಖಜಾನೆಗೆ ಮುದ್ರೆ ಬಿದ್ದದ್ದು. ನೀತಿಯನ್ನು ಅದರ ಸ್ವಂತ ಜಾಗಕ್ಕೆ, 1848ಕ್ಕೆ ಕಳಿಸಿದೆ. ಕಿತ್ತೂರಿನಲ್ಲಿ ಮಾಡಿದ್ದೇ ಮುಂದೆ ಆ ನೀತಿಗೆ ದಾರಿ ಮಾಡಿತೇ? ಇರಬಹುದು. ಆ ಬಾಣ ಮುಂದಕ್ಕಾದರೂ ಹೋಗುತ್ತದೆ, ಆದರೆ ನನ್ನ ಹತ್ತಿರ ಪುರಾವೆ ಇರಲಿಲ್ಲ. ಚುಕ್ಕೆಗೆರೆ ಎಳೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಆ ಹುಡುಗಿಯನ್ನು ವರಾಂಡಕ್ಕೆ ಕರೆದೆ. ಅರ್ಧವಾರ್ಷಿಕದ ಪೇಪರು ಹುಡುಕಿ ತಂದಿದ್ದೆ. "ನಿನ್ನ ಉತ್ತರ ಬರೋಬ್ಬರಿ ಐತವ್ವಾ. ನಂದ ತಪ್ಪ. ಮಾರ್ಕ ಹಾಕೇನಿ," ಎಂದೆ.

ಅವಳು ಪೇಪರು ತೆಗೆದುಕೊಳ್ಳಲಿಲ್ಲ. ಕಿಟಕಿಯೊಳಗಿನಿಂದ ತರಗತಿ ಕಡೆ ನೋಡಿ ಹೇಳಿದಳು, "ಟೀಚರ್, ಅವತ್ತ ಎಲ್ಲಾರ ಮುಂದ ಅಂದ್ರಿ. ಇವತ್ತ ನನಗೊಬ್ಬಾಕಿಗೆ ಹೇಳಾಕ್ಹತ್ತೀರಿ."

ಮುಖ ಸುಟ್ಟಂತಾಯಿತು. ತಿದ್ದುಪಡಿಗೆ ಹೆಸರು ಹಾಕಿ ಎಲ್ಲ ಶಾಲೆಗಳಿಗೆ ಕಳಿಸಲು ಒಪ್ಪಿದವಳು, ನನ್ನದೇ ತರಗತಿಯ ಬಾಗಿಲು ದಾಟಲು ಹೆದರಿ ಅವಳನ್ನು ಹೊರಗೆ ಕರೆದಿದ್ದೆ. ಒಳಗೆ ಹೋದೆ. ಹಲಗೆಯ ಮುಂದೆ ನಿಂತು, ಇವಳು ಬರೆದದ್ದು ಸರಿ, ನಾನು ತಪ್ಪು ಕಲಿಸಿದ್ದೆ, ತಪ್ಪು ಕಲಿಸಿ ಇವಳನ್ನೇ ನಗೆಪಾಟಲು ಮಾಡಿದೆ, ನಗಬೇಕಾದದ್ದು ನನ್ನನ್ನು ನೋಡಿ ಎಂದೆ. ಯಾರೂ ನಗಲಿಲ್ಲ.

ಅವಳು ಎಷ್ಟೋ ದಿನದ ಮೇಲೆ ಕೈ ಎತ್ತಿದಳು. "ಟೀಚರ್, ನಮ್ಮಕ್ಕನೂ ನಿಮ್ಮ ಕೈಯಾಗ ಕಲ್ತಾಳ್ರಿ. ಈಗ ರಾಮದುರ್ಗದಾಗ ಸಾಲ್ಯಾಗ ಕಲಸ್ತಾಳ. ಆಕಿನೂ ಅದನ್ನ ಹೇಳಿಕೊಡ್ತಾಳ್ರಿ. ಆಕಿಗೆ ಯಾರ ಹೇಳವ್ರು?"

"ನಾ ಹೇಳತೇನಿ, ನಂಬರ ಕೊಡು," ಎಂದೆ. ಮಧ್ಯಾಹ್ನದ ಬಿಡುವಿನಲ್ಲಿ ಅವಳ ಅಕ್ಕನಿಗೆ ಫೋನ್ ಹಚ್ಚಿ ಎಲ್ಲ ಹೇಳಿದೆ. ಆಚೆ ಕಡೆಯಿಂದ ಅಕ್ಕ ಕೇಳಿದಳು, "ಟೀಚರ್, ಮೊನ್ನೆ ಪರೀಕ್ಷಾದಾಗ ಒಬ್ಬ ಹುಡುಗ ಬ್ಯಾರೆ ಬರದಿದ್ದ್ರಿ. ನಾ ಅವಂಗ ಸೊನ್ನಿ ಹಾಕೇನಿ. ಈಗ ನಾ ಏನ ಮಾಡ್ಲಿ?"

ಎಲ್ಲರ ಮುಂದೆ ಹೇಳು ಎಂದೆ.